ಒಲೆಯಿಂದ ಪಂಕ್ತಿಯವರೆಗೆ: ಬಿಸಿ ಕೊಳಗ ಸಾಗಿಸುವ ಬಗೆ

ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಜಾರುವಿಕೆಗೆ ಮುಖ್ಯ ಕಾರಣಗಳು ಎರಡು: ಎಣ್ಣೆ ಮತ್ತು ಅನ್ನದ ಗಂಜಿ. ಗ್ರಾನೈಟ್ ಅಥವಾ ಕಡಪ ಕಲ್ಲಿನ ನೆಲದ ಮೇಲೆ ಗಂಜಿ ತೆಳುವಾಗಿ ಹರಡಿಕೊಂಡರೆ ಬರಿಗಣ್ಣಿಗೆ ಅದು ಬರೀ ನೀರಿನಂತೆಯೇ ಕಾಣುತ್ತದೆ. ಕಾಲಿಟ್ಟಾಗಲೇ ಲೋಳೆ ಗೊತ್ತಾಗುವುದು. ಎಣ್ಣೆ ಚೆಲ್ಲಿದ ಕಡೆ ನೀರು ಸುರಿದರೆ ಅದು ಹೋಗುವುದಿಲ್ಲ, ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತದೆ. ಮೊದಲು ಮರದ ಹೊಟ್ಟು ಅಥವಾ ಹಳೆಯ ಪೇಪರ್ ಹಾಕಿ ಎಣ್ಣೆ ಹೀರಿಸಿ, ಗುಡಿಸಿ ತೆಗೆಯಬೇಕು. ಆಮೇಲೆ ಸೋಪಿನ ಪುಡಿ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ತೊಳೆದು, ಒಣಬಟ್ಟೆಯಿಂದ ಒರೆಸಬೇಕು. ಅನ್ನ ಬಸಿಯುವ ಜಾಗ ಮೋರಿಯ ಪಕ್ಕದಲ್ಲೇ ಇದ್ದರೆ ಗಂಜಿ ನಡೆದಾಡುವ ದಾರಿಗೆ ಬರುವುದೇ ಇಲ್ಲ.

ಎರಡನೆಯ ಅಪಾಯ ತೂಕದ್ದು. ಅರವತ್ತು ಲೀಟರ್ ಹಿಡಿಯುವ ಕೊಳಗದಲ್ಲಿ 45 ಲೀಟರ್ ಸಾರು ಇದೆ ಎಂದುಕೊಳ್ಳೋಣ. ಸಾರಿನ ತೂಕವೇ ಸುಮಾರು 45 ಕಿಲೋ. ಅದಕ್ಕೆ ಪಾತ್ರೆಯ ತೂಕವೂ ಸೇರುತ್ತದೆ. ಇಬ್ಬರು ಹಿಡಿಕೆ ಹಿಡಿದು ಎತ್ತಿದರೂ ಒಳಗಿನ ಸಾರು ಹೆಜ್ಜೆಗೆ ತಕ್ಕಂತೆ ತೂಗಾಡಿ ಒಂದು ಬದಿಗೆ ಅಪ್ಪಳಿಸುತ್ತದೆ. ಒಬ್ಬರ ಕಾಲು ಜಾರಿದರೆ ಇಡೀ ಭಾರ ಆ ಕಡೆಗೇ ವಾಲುತ್ತದೆ. ಆದ್ದರಿಂದ ಇಂಥ ಕೊಳಗವನ್ನು ಕದಲಿಸದೆ, ಉದ್ದ ಹಿಡಿಯ ಸೌಟಿನಿಂದ ಹತ್ತು ಲೀಟರಿನ ಸ್ಟೀಲ್ ಬಕೆಟ್‌ಗಳಿಗೆ ತುಂಬಿಸುವುದೇ ಲೇಸು. ಪ್ರತಿ ಬಕೆಟ್ಟೂ ಮುಕ್ಕಾಲು ಪಾಲು ತುಂಬಿದರೆ ಆರು ಬಕೆಟ್ ಸಾಕು.

ಎತ್ತಲೇಬೇಕಾದ ಸಂದರ್ಭದಲ್ಲಿ ಕ್ರಮ ಹೀಗಿದೆ. ಮೊದಲು ಇಳಿಸುವ ಜಾಗದಲ್ಲಿ ಅಲುಗಾಡದ ಸ್ಟ್ಯಾಂಡ್ ಇಟ್ಟು, ದಾರಿಯನ್ನು ಒಮ್ಮೆ ಬರಿಗೈಯಲ್ಲಿ ನಡೆದು ನೋಡಬೇಕು. ಒಲೆ ಆರಿಸಿ, ಕುದಿ ನಿಂತ ಮೇಲೆ ಮುಚ್ಚಳ ಬಿಗಿಯಬೇಕು. ಹಿಡಿಕೆಗೆ ಸುತ್ತುವ ಬಟ್ಟೆ ದಪ್ಪವಾಗಿರಬೇಕು, ಒಣಗಿರಬೇಕು. ಒದ್ದೆ ಬಟ್ಟೆಯ ಮೂಲಕ ಬಿಸಿ ಬೇಗ ಕೈಗೆ ತಗಲುವುದರಿಂದ ಹಿಡಿತ ತಪ್ಪುತ್ತದೆ. ಪಂಚೆ ಮೇಲಕ್ಕೆ ಕಟ್ಟಿರಬೇಕು, ಕಾಲಿಗೆ ಹಿಡಿತದ ಅಟ್ಟೆಯ, ಮುಂಭಾಗ ಮುಚ್ಚಿದ ಪಾದರಕ್ಷೆ ಬೇಕು. ಇಬ್ಬರಲ್ಲಿ ಒಬ್ಬರು ಮಾತ್ರ ‘ಎತ್ತು’, ‘ನಿಲ್ಲು’, ‘ಇಳಿಸು’ ಎಂದು ಹೇಳಬೇಕು. ಮೂರನೆಯವರು ‘ಬಿಸಿ, ಬಿಸಿ, ದಾರಿ ಬಿಡಿ’ ಎನ್ನುತ್ತಾ ಮುಂದೆ ಸಾಗಬೇಕು. ಹೆಜ್ಜೆ ಸಣ್ಣದಾಗಿರಲಿ, ಯಾರೂ ಹಿಂದಕ್ಕೆ ನಡೆಯದಂತೆ ಇಬ್ಬರೂ ಪಾತ್ರೆಯ ಎರಡು ಪಕ್ಕಗಳಲ್ಲಿ ನಿಲ್ಲಲಿ. ಪಾತ್ರೆ ವಾಲತೊಡಗಿದರೆ ತಕ್ಷಣ ನೆಲಕ್ಕೆ ಇಳಿಸಬೇಕು. ಕೈತಪ್ಪಿ ಬೀಳುತ್ತಿರುವ ಪಾತ್ರೆಯನ್ನು ಹಿಡಿಯಹೋಗದೆ ದೂರ ಸರಿಯಬೇಕು.

ಕರಿದ ಎಣ್ಣೆಯ ಬಾಣಲೆಗೆ ಈ ಯಾವ ಕ್ರಮವೂ ಅನ್ವಯಿಸದು. ಬೋಂಡ ಕರಿಯುವ ಎಣ್ಣೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಆರುವವರೆಗೆ ಅದನ್ನು ಒಲೆಯಿಂದ ಕದಲಿಸಬಾರದು.

ಸಾರು ಮೈಮೇಲೆ ಬಿದ್ದರೆ ಚರ್ಮಕ್ಕೆ ಅಂಟಿರದ ಬಟ್ಟೆ, ಬಳೆ, ಉಂಗುರ ತೆಗೆದು, ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣನೆಯ ನಲ್ಲಿ ನೀರು ಹರಿಸಬೇಕು. ಐಸ್, ಟೂತ್‌ಪೇಸ್ಟ್, ಅರಿಶಿನ ಹಚ್ಚಬಾರದು. ಅಂಗೈಗಿಂತ ದೊಡ್ಡದಾಗಿ ಸುಟ್ಟರೆ, ಇಲ್ಲವೇ ಮುಖ, ಕೈ, ಪಾದಗಳಿಗೆ ತಗಲಿದರೆ, ನೀರು ಹರಿಸಿದ ನಂತರ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.