ಬಟನ್ ಮೊದಲು, ಪುಟ ಆಮೇಲೆ

ಚಿಕ್ಕಮಗಳೂರು ಕಡೆಯ ಬೆಳೆಗಾರರೊಬ್ಬರು ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ಅನ್ನು 250 ಮಿ.ಲೀ. ಬಾಟಲಿಗೆ ತುಂಬಿ ಮಾರಲು ಹೊರಟಿದ್ದಾರೆ ಎಂದುಕೊಳ್ಳಿ. ಮೊದಲ ಬ್ಯಾಚಿಗೆ ಮುಂಗಡ ಬುಕಿಂಗ್ ಪಡೆಯಲು ಒಂದು ವೆಬ್ ಪುಟ ಬೇಕು. ಇಂಥ ಲ್ಯಾಂಡಿಂಗ್ ಪುಟಕ್ಕೆ ಬಣ್ಣ, ಫೋಟೋ ಹುಡುಕುವ ಮುಂಚೆ ಪೆನ್ಸಿಲ್ಲಿನಲ್ಲಿ ಬರಿಯ ಚೌಕಗಳನ್ನು ಎಳೆದು ಎಲ್ಲಿ ಏನಿರಬೇಕೆಂದು ಗೊತ್ತು ಮಾಡಿಕೊಳ್ಳುತ್ತಾರೆ. ಅದೇ ವೈರ್‌ಫ್ರೇಮ್.

ಹೆಚ್ಚಿನವರು ಮೇಲಿನಿಂದ ಶುರು ಮಾಡುತ್ತಾರೆ: ಲೋಗೊ, ಮೆನು, ದೊಡ್ಡ ಚಿತ್ರ. ನಾನಾದರೆ ಬಟನ್ನಿನಿಂದ ಶುರು ಮಾಡುತ್ತೇನೆ. ಹಾಳೆಯ ಮೇಲೆ ಫೋನಿನ ಆಕಾರದ ಉದ್ದ ಚೌಕ ಎಳೆದು, ಒಳಗೆ ‘ಮೊದಲ ಬ್ಯಾಚಿಗೆ ಬುಕ್ ಮಾಡಿ’ ಎಂದು ಬರೆಯುವುದು. ಆಮೇಲೆ ಸೇರುವ ಪ್ರತಿ ಚೌಕವೂ, ಆ ಬಟನ್ ಒತ್ತುವ ಮುಂಚೆ ಓದುಗರಿಗೆ ಏಳುವ ಒಂದು ಅನುಮಾನಕ್ಕೆ ಉತ್ತರವಾಗಿರಬೇಕು. ಇದೇನು? ಬೆಲೆ ಎಷ್ಟು? ಫ್ರಿಜ್ಜಿನಲ್ಲಿ ಎಷ್ಟು ದಿನ ಇರುತ್ತದೆ? ನಮ್ಮ ಊರಿಗೆ ಕಳಿಸುತ್ತೀರಾ? ಮೊದಲೆರಡಕ್ಕೆ ಉತ್ತರ ಬಟನ್ನಿನ ಮೇಲೆಯೇ ಬರಲಿ, ಉಳಿದವು ಕೆಳಗೆ. ‘ನಮ್ಮ ಕಥೆ’ ಯಾವ ಅನುಮಾನವನ್ನೂ ತೀರಿಸುವುದಿಲ್ಲ. ತೋಟದ ಮೇಲೆ ಮಾಲೀಕರಿಗೆ ಎಷ್ಟೇ ಪ್ರೀತಿಯಿರಲಿ, ಅದು ಎರಡು ಸಾಲಿಗೆ ಇಳಿಯಬೇಕು.

ಜಗಳ ಹುಟ್ಟುವುದು ಎರಡನೆಯ ಬಟನ್ನಿನ ವಿಷಯಕ್ಕೆ. ‘ವಾಟ್ಸಾಪ್ ಮಾಡಿ’ ಅಂತಲೂ ಇರಲಿ, ಇನ್‌ಸ್ಟಾಗ್ರಾಂ ಗುರುತೂ ಇರಲಿ ಎನ್ನುತ್ತಾರೆ. ಅತ್ತ ಹೋದವರು ಬುಕ್ ಮಾಡಲು ಮರಳಿ ಬರುವುದು ಅಪರೂಪ. ಒಂದೇ ಬಟನ್ ಎಂದರೆ ಒಂದೇ ಸಲ ಎಂದಲ್ಲ. ಪುಟ ಉದ್ದವಾದರೆ ಅದನ್ನೇ ನಡುವೆ, ಕೊನೆಯಲ್ಲಿ ಮತ್ತೆ ಹಾಕಬಹುದು, ಆದರೆ ಅದೇ ಮಾತಿನಲ್ಲಿ. ಮೇಲೆ ‘ಬುಕ್ ಮಾಡಿ’, ಕೆಳಗೆ ‘ಈಗಲೇ ಕೊಳ್ಳಿ’ ಎಂದಿದ್ದರೆ, ದುಡ್ಡು ಈಗಲೇ ಕೊಡಬೇಕೋ ಏನೋ ಎಂದು ಜನ ಹಿಂಜರಿಯುತ್ತಾರೆ.

ಅಳತೆಯನ್ನೂ ಈಗಲೇ ನೋಡಿಕೊಳ್ಳಬೇಕು. 360 ಪಿಕ್ಸೆಲ್ ಅಗಲದ ಪರದೆಗೆ ಬರೆದರೆ ಬಹುಪಾಲು ಫೋನುಗಳಿಗೆ ಹೊಂದುತ್ತದೆ. ಬೆರಳಿಗೆ ಸಿಗಬೇಕಾದರೆ ಬಟನ್ ಎತ್ತರ 48 ಪಿಕ್ಸೆಲ್ ಆದರೂ ಇರಲಿ. ಚೌಕದೊಳಗೆ ಸುಮ್ಮನೆ ಗೆರೆ ಎಳೆಯದೆ ನಿಜವಾದ ಕನ್ನಡ ವಾಕ್ಯವನ್ನೇ ಬರೆಯಿರಿ. ನಮ್ಮ ಉದ್ದ ಪದಗಳು ಬಟನ್ನಿನಲ್ಲಿ ಎರಡು ಸಾಲಿಗೆ ಒಡೆಯುತ್ತವೆ, ಸಾಲುಗಳ ನಡುವೆ ಜಾಗ ಸಾಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಇನ್ನೊಂದು ಸೂಕ್ಷ್ಮ: ಮೊದಲ ಪರದೆಯ ಅಂಚಿಗೆ ಸರಿಯಾಗಿ ಒಂದು ಚೌಕ ಮುಗಿದರೆ, ಪುಟವೇ ಮುಗಿಯಿತೆಂದು ನೋಡುವವರು ನಿಲ್ಲುತ್ತಾರೆ. ಮುಂದಿನ ಚೌಕದ ತಲೆ ತುಸು ಇಣುಕುತ್ತಿರಲಿ.

ಬಟನ್ ಒತ್ತಿದ ಮೇಲೆ ಬರುವ ಫಾರ್ಮನ್ನು ಬರೆಯಲು ಮರೆಯುವವರೇ ಹೆಚ್ಚು. ಫೋನ್ ನಂಬರು, ಪಿನ್‌ಕೋಡ್ ಸಾಕು. ವಿಳಾಸ ಆಮೇಲೆ ಕೇಳಬಹುದು.

ಹಾಳೆ ಮುಗಿದ ಮೇಲೆ ಈ ಕೆಲಸದ ಗಂಧವಿಲ್ಲದ ನಾಲ್ಕೈದು ಜನರಿಗೆ ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ಏನು ಮಾರುತ್ತಿದ್ದಾರೆ, ಏನು ಮಾಡಬೇಕಂತೆ ಎಂದು ಕೇಳಿ. ‘ಕಾಫಿ ಪುಡಿ’ ಎಂಬ ಉತ್ತರ ಬಂದರೆ ತಪ್ಪು ತಲೆಬರಹದಲ್ಲಿದೆ, ಬಟನ್ನಿನಲ್ಲಲ್ಲ. ಆ ಬೆಲೆಗೆ ಜನ ಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಈ ಹಾಳೆ ಹೇಳಲಾರದು. ಅದು ಪುಟ ತೆರೆದು ಬುಕಿಂಗ್ ಎಣಿಸಿದಾಗಲೇ ತಿಳಿಯುವುದು.