ಕಳಚುವ ಕ್ರಮ, ಬಣ್ಣದ ಲೆಕ್ಕ

ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಗ್ರಾಫ್‌ನಲ್ಲಿ, ನಾಲ್ಕು ಅಥವಾ ಹೆಚ್ಚು ಬಿಂದುಗಳ ಪ್ರತಿಯೊಂದು ಸುತ್ತಿನೊಳಗೂ ಅಡ್ಡಗೆರೆಯಿದ್ದರೆ ಅದು ಕಾರ್ಡಲ್ ಗ್ರಾಫ್. ‘ಅ-ಬ-ಕ-ಡ’ ಚೌಕಕ್ಕೆ ‘ಬ-ಡ’ ಗೆರೆ ಎಳೆದರೆ ಸಾಕು. ಇಲ್ಲಿ ‘ಅ’ಗೆ ನೆರೆಯಾದ ‘ಬ’, ‘ಡ’ ಪರಸ್ಪರ ಜೋಡಿಯಾಗಿರುವುದರಿಂದ ‘ಅ’ವನ್ನು ಮೊದಲು ಕಳಚಬಹುದು. ಅದೇ ಕಾರಣಕ್ಕೆ ನಂತರ ‘ಕ’, ಬಳಿಕ ‘ಬ’, ಕೊನೆಗೆ ‘ಡ’. ಇದೇ ಪರಿಪೂರ್ಣ ಕಳಚು ಕ್ರಮ. ಕಾರ್ಡಲ್ ಗ್ರಾಫ್‌ಗಳಿಗೆಲ್ಲ ಇದು ಇದೆ, ಬೇರೆ ಯಾವುದಕ್ಕೂ ಇಲ್ಲ ಎಂದು ಫುಲ್ಕರ್ಸನ್ ಮತ್ತು ಗ್ರಾಸ್ 1965ರಲ್ಲಿ ತೋರಿಸಿದರು.

ನೆರೆಬಿಂದುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಲು ಈ ಕ್ರಮದಲ್ಲಿ ಹಿಂದಿನಿಂದ ಬರಬೇಕು: ‘ಡ’ ಕೆಂಪು, ‘ಬ’ ನೀಲಿ, ‘ಕ’ ಹಸಿರು, ‘ಅ’ ಕೂಡ ಹಸಿರು. ಹೊಸ ಬಣ್ಣ ಬೇಕಾದಾಗಲೆಲ್ಲ, ಆಗಲೇ ಬಣ್ಣ ಪಡೆದ ನೆರೆಗಳೂ ಈ ಬಿಂದುವೂ ಒಂದಕ್ಕೊಂದು ಜೋಡಿ. ಅಷ್ಟು ಬಣ್ಣ ಯಾರು ಹಚ್ಚಿದರೂ ಬೇಕೇ ಬೇಕು. ಕ್ರಮ ತಪ್ಪಿದರೆ ಈ ಖಾತರಿಯಿಲ್ಲ: ನಾಲ್ಕು ಬಿಂದುಗಳ ಸರಳ ಸಾಲಿನಲ್ಲೂ ಎರಡು ತುದಿಗಳಿಗೆ ಮೊದಲೇ ಕೆಂಪು ಹಚ್ಚಿದರೆ, ಎರಡೇ ಸಾಕಾಗುವಲ್ಲಿ ಮೂರು ಬಣ್ಣ ಖರ್ಚಾಗುತ್ತದೆ.