ಮಂಡಿನೋವಿನ ಅತ್ತೆಗೆ ಕ್ಯಾಂಪ್‌ಫೈರ್

ಸಕಲೇಶಪುರದ ಬಳಿ ಕಾಫಿ ತೋಟದಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುವ ಪರಿಚಿತರೊಬ್ಬರಿಗೆ ಒಂದು ಇಮೇಲ್ ಬಂತು. 'ನಮ್ಮತ್ತೆಗೆ ಮಂಡಿನೋವು. ಕೋಣೆಗೆ ಎಷ್ಟು ಮೆಟ್ಟಿಲು ಹತ್ತಬೇಕು?' ಇವರು ಎಂದಿನ ಸಿದ್ಧ ಉತ್ತರವನ್ನೇ ಕಳಿಸಿದರು. ಅದರಲ್ಲಿ ಸ್ವಾಗತ, ಟ್ರೆಕ್ಕಿಂಗ್, ಕ್ಯಾಂಪ್‌ಫೈರ್, ದರ ಎಲ್ಲವೂ ಇತ್ತು, ಮೆಟ್ಟಿಲಿನ ಮಾತು ಮಾತ್ರ ಇರಲಿಲ್ಲ. ಆ ಕುಟುಂಬ ಮತ್ತೆ ಬರೆಯಲಿಲ್ಲ.

ಬೇಸರಗೊಂಡು ಪ್ರತಿ ಉತ್ತರವನ್ನೂ ತಾವೇ ಬರೆಯತೊಡಗಿದರು. ದಸರಾ ರಜೆಯ ಗಡಿಬಿಡಿಯಲ್ಲಿ ಒಬ್ಬರಿಗೆ ಬುಕಿಂಗ್ ರದ್ದತಿಯ ನಿಯಮ ಬರೆಯುವುದು ಮರೆತುಹೋಯಿತು. ಅವರು ಹಿಂದಿನ ದಿನ ರದ್ದು ಮಾಡಿ, ಮುಂಗಡ ಪೂರ್ತಿ ವಾಪಸ್ ಕೇಳಿದರು. ತೋರಿಸಲು ಇವರ ಬಳಿ ಬರಹದಲ್ಲಿ ಏನೂ ಇರಲಿಲ್ಲ.

ಕೊನೆಗೆ ಹಿಡಿದ ದಾರಿ ಸರಳ. ತಾವು ಕಳಿಸಿದ್ದ ಕಡೆಯ ಇಪ್ಪತ್ತು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ದರ, ಮುಂಗಡ, ರದ್ದತಿ, ಬ್ಯಾಂಕ್ ಖಾತೆ, ಬರುವ ಹೊತ್ತು, ದಾರಿ ಎಲ್ಲದರಲ್ಲೂ ಒಂದೇ ಆಗಿದ್ದವು, ಇಲ್ಲವೇ ಒಂದೇ ಆಗಿರಬೇಕಿತ್ತು. ಇವನ್ನು ಒಮ್ಮೆ ಎಚ್ಚರದಿಂದ ಬರೆದು ಮುಟ್ಟದೆ ಇಡುವುದೇ ಸರಿ. ಖಾತೆ ಸಂಖ್ಯೆಯನ್ನಂತೂ ಪ್ರತಿ ಸಲ ಟೈಪ್ ಮಾಡುವುದು ಅಪಾಯವನ್ನು ಕರೆದಂತೆ. ಅತಿಥಿಯ ಪ್ರಶ್ನೆಗೆ ಕೊಡುವ ಉತ್ತರ ಮಾತ್ರ ಪ್ರತಿ ಸಲವೂ ಬೇರೆ. ಅದಕ್ಕಾಗಿ ಮೇಲಿನ ಎರಡು ಮೂರು ಸಾಲನ್ನು ಖಾಲಿ ಬಿಟ್ಟರು.

ಇವೆರಡರ ನಡುವೆ ಇನ್ನೊಂದು ಜಾತಿಯ ಸಾಲುಗಳಿವೆ. ಅವು ಎಲ್ಲರಿಗೂ ಬೇಡ, ಆದರೆ ಬೇಕಾದಾಗ ತಪ್ಪಬಾರದು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ಮಾಹಿತಿ ಸಲ್ಲಿಸಬೇಕು, ಹಾಗಾಗಿ ಪಾಸ್‌ಪೋರ್ಟ್, ವೀಸಾ ವಿವರ ಕೇಳುವ ಪ್ಯಾರಾ ಒಂದು ಬೇರೆಯೇ ಸಿದ್ಧವಿದೆ. ಮಳೆಗಾಲದ ಜಿಗಣೆಯದು ಮತ್ತೊಂದು. ಜಿಮೇಲ್‌ನಲ್ಲಿ Settings ಒಳಗಿನ Advanced ಎಂಬಲ್ಲಿ Templates ಆಯ್ಕೆಯನ್ನು ಚಾಲೂ ಮಾಡಿದರೆ ಇಂಥ ತುಣುಕುಗಳನ್ನು ಹೆಸರಿಟ್ಟು ಉಳಿಸಿಕೊಳ್ಳಬಹುದು.

ಖಾಲಿ ಜಾಗದ್ದು ಒಂದು ಕಿರಿಕಿರಿ: ತುಂಬಲು ಮರೆತು ಕಳಿಸಿಬಿಡುವುದು. 'ಪ್ರಿಯ ಹೆಸರು' ಎಂದು ಬಂದ ಪತ್ರ ನನಗೂ ಸಿಕ್ಕಿದೆ. ಅದಕ್ಕೇ ಇವರು ಅಲ್ಲಿ ### ಎಂದು ಹಾಕಿಡುತ್ತಾರೆ. ಕಣ್ಣಿಗೆ ಚುಚ್ಚುತ್ತದೆ, ಅಳಿಸದೆ ಕಳಿಸಲು ಮನಸ್ಸಾಗದು. ಇನ್ನೊಂದು ಎಡವಟ್ಟು ಇಷ್ಟು ಸುಲಭವಾಗಿ ಕಾಣುವುದಿಲ್ಲ. ಹಳೆಯ ಅತಿಥಿಗೆ ಮೇಲೆ 'ಮುಂಗಡ ಬೇಡ, ಬಂದಾಗ ಕೊಡಿ' ಎಂದು ಬರೆದಿರುತ್ತಾರೆ, ಕೆಳಗಿನ ಸಿದ್ಧ ಪಠ್ಯ ಅರ್ಧ ಮುಂಗಡ ಕೇಳುತ್ತಿರುತ್ತದೆ. ರಿಯಾಯಿತಿ ಕೊಟ್ಟ ದಿನ ಕೆಳಗಿನ ಸಾಲನ್ನೂ ತಿದ್ದಲೇಬೇಕು.

ಈಗ ಅಂಥದೇ ಪ್ರಶ್ನೆ ಬಂದರೆ ಉತ್ತರ ಹೀಗೆ ಶುರುವಾಗುತ್ತದೆ: 'ಕೆಳಗಿನ ಕೋಣೆಗೆ ಎರಡೇ ಮೆಟ್ಟಿಲು, ಹಿಡಿಕೆ ಇದೆ. ಊಟದ ಮನೆ ಹತ್ತು ಹೆಜ್ಜೆ ದೂರ, ಅಮ್ಮನಿಗೆ ಕಷ್ಟವಾದರೆ ತಟ್ಟೆಯನ್ನು ಕೋಣೆಗೇ ಕಳಿಸುತ್ತೇವೆ.' ಆಮೇಲೆ ದರ, ಮುಂಗಡ, ದಾರಿ. ಕ್ಯಾಂಪ್‌ಫೈರ್ ಸಾಲು ಕೇಳಿದವರಿಗೆ ಮಾತ್ರ.